ಮೂರು ನಿಮಿಷಕ್ಕೊಂದು ಇಳಕಲ್ ಸೀರೆ

ಸೀರೆ ಲೈವ್‌ಗೆ ಒಂದು ಸ್ಕ್ರಿಪ್ಟ್ ಬರೆದುಕೊಡಿ ಎಂದು ಕೇಳುವ ಓದುಗರು ಈಚೆಗೆ ಬಹಳ ಹೆಚ್ಚಾಗಿದ್ದಾರೆ. ಅವರಲ್ಲಿ ಬಹುಪಾಲು ಮನೆಯಿಂದಲೇ ವ್ಯಾಪಾರ ಮಾಡುವ ಹೆಣ್ಣುಮಕ್ಕಳು. ರಾತ್ರಿ ಊಟ ಮುಗಿಸಿ, ಮಕ್ಕಳನ್ನು ಮಲಗಿಸಿ, ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಫೇಸ್‌ಬುಕ್‌ನಲ್ಲೋ ಇನ್‌ಸ್ಟಾಗ್ರಾಮ್‌ನಲ್ಲೋ ಯೂಟ್ಯೂಬ್‌ನಲ್ಲೋ ಲೈವ್ ಬರುವವರು. ಸೀರೆಯ ಬಗ್ಗೆ ಅವರಿಗೆ ನಾನು ಹೇಳಿಕೊಡಬೇಕಾದ್ದು ಏನೂ ಇಲ್ಲ. ಅವರನ್ನು ಕಾಡುವುದು ಒಂದೇ, ಕ್ಯಾಮೆರಾ ಮುಂದೆ ಒಂದು ಗಂಟೆ ಏನು ಮಾತಾಡುವುದು?

ಹೀಗೆ ಕೇಳುವವರ ಮನಸ್ಸಿನಲ್ಲಿರುವುದು ಸಾಮಾನ್ಯವಾಗಿ ಭಾಷಣದ ಚಿತ್ರ. ಮೊದಲು ಸ್ವಾಗತ, ನಂತರ ನಮ್ಮ ಅಂಗಡಿಯ ಪರಿಚಯ, ಆಮೇಲೆ ಒಂದೊಂದಾಗಿ ಸೀರೆ, ಕೊನೆಗೆ ವಂದನೆ. ಆದರೆ ಲೈವ್ ನೋಡುವವರು ಸಭೆಗೆ ಬಂದು ಕುಳಿತವರಲ್ಲ. ಒಬ್ಬರು ಏಳನೇ ನಿಮಿಷಕ್ಕೆ ಬರುತ್ತಾರೆ, ಇನ್ನೊಬ್ಬರು ಮೂವತ್ತನೆಯದಕ್ಕೆ ಬಂದು ಎರಡು ನಿಮಿಷ ನೋಡಿ ಹೋಗುತ್ತಾರೆ, ಮತ್ತೊಬ್ಬರು ಮರುದಿನ ಮಧ್ಯಾಹ್ನ ರೆಕಾರ್ಡಿಂಗ್ ನೋಡುತ್ತಾರೆ. ಯಾರು ಯಾವಾಗ ಬಂದರೂ ಅವರ ಪಾಲಿಗೆ ಅದೇ ಆರಂಭ. ಹಾಗಾಗಿ ಒಂದು ಗಂಟೆಗೆ ಒಂದು ಸ್ಕ್ರಿಪ್ಟ್ ಬರೆಯುವುದರಲ್ಲಿ ಅರ್ಥವಿಲ್ಲ. ಬರೆಯಬೇಕಾದ್ದು ಮೂರೋ ನಾಲ್ಕೋ ನಿಮಿಷದ ಒಂದು ಸುತ್ತು. ಒಂದು ಸೀರೆಗೆ ಒಂದು ಸುತ್ತು, ಪ್ರತಿ ಸುತ್ತೂ ತನ್ನಷ್ಟಕ್ಕೆ ಪೂರ್ತಿ. ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಊರಿನ ಹೆಸರು ಕೂಗುವುದು ಆಗಲೇ ಸೀಟು ಹಿಡಿದು ಕೂತವರಿಗಾಗಿ ಅಲ್ಲವಲ್ಲ, ಹಾಗೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ಲೈವ್ ನಡೆಯುವಾಗಲೇ ಪರದೆಯ ಮೇಲೆ ಸೀರೆಯ ಚಿತ್ರ, ಬೆಲೆಗಳನ್ನು ಪಟ್ಟಿ ಮಾಡಿ ತೋರಿಸುವ ಸೌಲಭ್ಯ ಫೇಸ್‌ಬುಕ್‌ನಲ್ಲಿ ಮೊದಲು ಇತ್ತು. 2022ರ ಅಕ್ಟೋಬರ್ 1ರಿಂದ ಅದನ್ನು ತೆಗೆದರು. ಇನ್‌ಸ್ಟಾಗ್ರಾಮ್ ಕೂಡ 2023ರ ಮಾರ್ಚ್‌ನಲ್ಲಿ ಲೈವ್‌ನಲ್ಲಿ ವಸ್ತುಗಳನ್ನು ಟ್ಯಾಗ್ ಮಾಡುವುದನ್ನು ನಿಲ್ಲಿಸಿತು. ಈಗ ಈ ಎರಡರಲ್ಲೂ ನಮ್ಮ ಸೀರೆ ಮಾರುವವರ ಕೈಲಿರುವುದು ಬರೀ ವಿಡಿಯೊ, ಪಕ್ಕದಲ್ಲಿ ಏರುತ್ತ ಹೋಗುವ ಕಾಮೆಂಟುಗಳು ಮತ್ತು ಒಂದು ವಾಟ್ಸ್ಆ್ಯಪ್ ನಂಬರ್. ಒತ್ತಿದರೆ ಸೀರೆ ಬುಕ್ ಆಗುವ ಗುಂಡಿ ಇಲ್ಲ. ಗಿರಾಕಿ ಪರದೆಯ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್ಆ್ಯಪ್‌ಗೆ ಕಳಿಸಬೇಕು, ಇಲ್ಲವೇ ಸೀರೆಯ ಕೋಡ್ ನಂಬರನ್ನು ಕಾಮೆಂಟಿನಲ್ಲಿ ಹಾಕಬೇಕು. ಹೀಗಾಗಿ ಯಾವ ಸೀರೆ, ಯಾವ ಬೆಲೆ, ಹೇಗೆ ತಗೊಳ್ಳಬೇಕು ಎಂಬ ಮೂರನ್ನೂ ಬಾಯಿಂದಲೇ ಹೇಳಬೇಕು. ಹೇಳದೆ ಬಿಟ್ಟದ್ದು ನೋಡುವವರಿಗೆ ಬೇರೆಲ್ಲೂ ಸಿಗುವುದಿಲ್ಲ.

ಇಳಕಲ್ಲಿನಲ್ಲಿ ನನಗೆ ಸಂಬಂಧಿಕಳಾದ ಒಬ್ಬ ಹುಡುಗಿ ಸೀರೆ ಮಾರುತ್ತಾಳೆ. ಅವಳ ಜೊತೆ ಕೂತು ಒಂದು ಸುತ್ತನ್ನು ಬರೆದೆವು. ಆಗ ಇಬ್ಬರೂ ಒಪ್ಪಿಕೊಂಡ ನಿಯಮ ಒಂದೇ. ಅಂಗಡಿಯಲ್ಲಿ ಗಿರಾಕಿಯ ಕೈ ತಾನಾಗಿಯೇ ಏನೇನು ಮಾಡುತ್ತದೋ ಅದನ್ನೆಲ್ಲ ಇಲ್ಲಿ ಮಾರುವವಳ ಕೈ ಮತ್ತು ಮಾತು ಮಾಡಬೇಕು. ಅಂಗಡಿಗೆ ಬಂದ ಹೆಂಗಸು ಸೀರೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಾಳೆ. ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಕನ್ನಡಿ ನೋಡುತ್ತಾಳೆ. ಬಣ್ಣ ನೋಡಲು ಬಾಗಿಲ ಬೆಳಕಿಗೆ ಒಯ್ಯುತ್ತಾಳೆ. ಬಟ್ಟೆ ತಿರುವಿ ಹಿಂಭಾಗ ನೋಡುತ್ತಾಳೆ. ಎಷ್ಟಮ್ಮಾ ಎಂದು ಕೇಳುವುದು ಇದೆಲ್ಲ ಆದಮೇಲೆ. ಲೈವ್‌ನಲ್ಲಿ ಮಾತ್ರ ಬೆಲೆ ಗೊತ್ತಾಗದೆ ಯಾರೂ ಅಷ್ಟು ಹೊತ್ತು ನಿಲ್ಲುವುದಿಲ್ಲ. ಅದೊಂದನ್ನು ಮುಂದಕ್ಕೆ ತರಬೇಕು, ಉಳಿದ ಕ್ರಮ ಹಾಗೇ ಇರಲಿ.

ನಾವು ಬರೆದದ್ದು ಗಿರಿ ಕುಂಕುಮ ಬಣ್ಣದ ಒಂದು ಸೀರೆಗೆ. ಹತ್ತಿಯ ಒಡಲು, ರೇಷ್ಮೆ ಸೆರಗು, ಗೋಮಿ ದಡಿ. ಅವಳ ಮಾತು ಅವಳ ಊರಿನದೇ ಇರಲಿ ಎಂದು ಹಟ ಹಿಡಿದವಳು ನಾನು. ಟೀವಿ ನಿರೂಪಕಿಯ ಕನ್ನಡದಲ್ಲಿ ಇಳಕಲ್ ಸೀರೆ ಮಾರಿದರೆ ಅದೇನೋ ಜಾಹೀರಾತಿನ ಹಾಗೆ ಕೇಳಿಸುತ್ತದೆ. ಸುತ್ತು ಶುರುವಾಗುವುದು ಹೀಗೆ: "ನೋಡ್ರಿ ಅಕ್ಕಾರ, ಈಗ ಕೈಯಾಗ ಇರೋದು ಕೋಡ್ ನಂಬರ್ ಹದಿನಾಲ್ಕು. ಒಂದು, ನಾಕು, ಹದಿನಾಲ್ಕು. ಗಿರಿ ಕುಂಕುಮ ಬಣ್ಣ, ಹತ್ತಿ ಒಡಲು, ರೇಷ್ಮಿ ಸೆರಗು. ಮನೀಗೆ ಮುಟ್ಟೂ ರೇಟ್ ಎರಡು ಸಾವಿರದ ನಾಕನೂರಾ ಐವತ್ತು. ಇದೊಂದೇ ಪೀಸ್ ಐತ್ರಿ. ಈಗ ಬಿಚ್ಚಿ ತೋರಸ್ತೀನಿ." ಇಷ್ಟಕ್ಕೆ ಇಪ್ಪತ್ತು ಸೆಕೆಂಡ್ ಸಾಕು. ಕೋಡನ್ನು ಎರಡು ಸಲ ಹೇಳುವುದು, ಅದರಲ್ಲಿ ಒಂದು ಸಲ ಅಂಕಿ ಅಂಕಿ ಬಿಡಿಸಿ ಹೇಳುವುದು ಬೇಕಂತಲೇ. ಹದಿನಾಲ್ಕು, ಹದಿನಾರು ಫೋನಿನ ಸಣ್ಣ ಸ್ಪೀಕರಿನಲ್ಲಿ ಒಂದೇ ತರಹ ಕೇಳುತ್ತವೆ. ಅದೇ ಅಂಕಿಯನ್ನು ದಪ್ಪ ರಟ್ಟಿನ ಮೇಲೆ ಬರೆದು ಸೀರೆಗೇ ಪಿನ್ ಮಾಡಬೇಕು. ಆಗ ಯಾವ ಕ್ಷಣದಲ್ಲಿ ಸ್ಕ್ರೀನ್‌ಶಾಟ್ ತೆಗೆದರೂ ಅದರಲ್ಲಿ ಕೋಡ್ ಇರುತ್ತದೆ. ಮುಂದಿನ ಕ್ಯಾಮೆರಾ ಬಳಸುವವರು ಬರಹ ಎಡಬಲ ತಿರುಗಿ ಕಾಣುತ್ತದೆಯೇ ಎಂದು ಇನ್ನೊಂದು ಫೋನಿನಿಂದ ಮೊದಲೇ ನೋಡಿಕೊಳ್ಳಿ.

ಆಮೇಲೆ ಒಡಲು. ಇಲ್ಲಿ ಹೆಚ್ಚು ಮಾತು ಬೇಡ, ಕೈ ಕೆಲಸ ಮಾಡಲಿ. ಒಂದು ಪದರ ಬಟ್ಟೆಯ ಹಿಂದೆ ಅಂಗೈ ಇಟ್ಟು ತೋರಿಸಿದರೆ ಎಷ್ಟು ತೆಳುವಿದೆ ಎಂಬುದು ಗೊತ್ತಾಗುತ್ತದೆ. ಮುಷ್ಟಿಯಲ್ಲಿ ಹಿಡಿದು ಹಿಂಡಿ ಬಿಟ್ಟರೆ ಎಷ್ಟು ಸುಕ್ಕಾಗುತ್ತದೆ ಎಂಬುದು ಗೊತ್ತಾಗುತ್ತದೆ. "ಸಾಫ್ಟ್ ಐತ್ರಿ, ಲೈಟ್‌ವೇಟ್ ಐತ್ರಿ" ಎಂದು ಹತ್ತು ಸಲ ಹೇಳುವುದಕ್ಕಿಂತ ಈ ಎರಡು ಮೇಲು. ಅಳತೆ ಮಾತ್ರ ಬಾಯಲ್ಲಿ ಹೇಳಬೇಕು, ಅದೂ ಟೇಪು ಹಿಡಿದು ಅಳೆದದ್ದನ್ನೇ. "ಐದೂವರಿ ಮೀಟರ್ ಐತ್ರಿ. ಬ್ಲೌಸ್ ಪೀಸ್ ಇದರಾಗ ಇಲ್ರಿ, ಗುಳೇದಗುಡ್ಡದ ಖಣ ಬೇಕಂದ್ರ ಬ್ಯಾರೆ ತೋರಸ್ತೀನಿ." ಬ್ಲೌಸ್ ಇಲ್ಲ ಎಂಬುದನ್ನು ಕೇಳುವ ಮೊದಲೇ ಹೇಳಿಬಿಟ್ಟರೆ ಕಾಮೆಂಟಿನ ಅರ್ಧ ಗದ್ದಲ ಅಲ್ಲಿಗೇ ಮುಗಿಯುತ್ತದೆ.

ಸುತ್ತಿನ ತಿರುಳು ಸೆರಗು. ಇಳಕಲ್ ಸೀರೆಗೆ ಹೆಚ್ಚು ದುಡ್ಡು ಕೊಡಲು ಕಾರಣವೇ ಅಲ್ಲಿದೆ, ಲೈವ್‌ಗಳಲ್ಲಿ ಓಡಿಸಿಬಿಡುವುದೂ ಅದನ್ನೇ. ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆ ಒಡಲಿನ ಎಳೆಗಳಿಗೆ ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಂದೊಂದಾಗಿ ಸಿಕ್ಕಿಸಿ ಕೊಂಡಿ ಹಾಕುತ್ತಾರೆ. ಹಾಗಾಗಿ ಸೀರೆ ಸೀರೆಗೂ ಹಾಸನ್ನು ಬೇರೆಯಾಗಿಯೇ ಹೂಡಬೇಕು, ಉದ್ದ ಹಾಸು ಹೂಡಿ ಸಾಲಾಗಿ ನೇಯ್ದು ಕತ್ತರಿಸುತ್ತ ಹೋಗಲು ಬರುವುದಿಲ್ಲ. ಇದರ ಗುರುತು ಕಣ್ಣಿಗೆ ಕಾಣುತ್ತದೆ. ಒಡಲೂ ಸೆರಗೂ ಕೂಡುವ ಗೆರೆಯನ್ನು ಹಿಂಬದಿಯಿಂದ ತಿರುವಿ ಕ್ಯಾಮೆರಾದ ಹತ್ತಿರ ತಂದರೆ ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡ ಸಾಲು ಕಾಣುತ್ತದೆ. ಅದರಿಂದ ಮುಂದಕ್ಕೆ ಸೆರಗಿನ ಕೆಂಪು ಪಟ್ಟಿಗಳು ಅಚ್ಚ ಕೆಂಪು, ಏಕೆಂದರೆ ಅಲ್ಲಿ ಹಾಸೂ ಕೆಂಪು, ಹೊಕ್ಕೂ ಕೆಂಪು. ಒಂದೇ ಹಾಸಿನಲ್ಲಿ ಕೊನೆಯವರೆಗೆ ನೇಯ್ದ ನಕಲಿನಲ್ಲಿ ಹೊಕ್ಕು ಮಾತ್ರ ಬದಲಾಗಿರುತ್ತದೆ. ಆದ್ದರಿಂದ ಹಸಿರು ಒಡಲಿನ ಸೀರೆಯಾದರೆ ಸೆರಗಿನ ಕೆಂಪಿನೊಳಗೆ ಒಡಲಿನ ಹಸಿರು ಇಣುಕಿ, ಕೆಂಪು ಮಂಕಾಗಿ ಕಾಣುತ್ತದೆ.

ಇದನ್ನು ಅವಳ ಮಾತಿನಲ್ಲಿ ಬರೆದಾಗ ಇಷ್ಟೇ ಆಯಿತು: "ಈಗ ಸೆರಗ ತಿರುವಿ ಹಿಂದಿನ ಬಾಜು ತೋರಸ್ತೀನ್ರಿ. ಇಲ್ಲಿ ಗೆರಿ ಕಾಣತೈತಲ್ಲ, ಇದು ಕೊಂಡಿ. ಒಡಲಿನ ನೂಲು ಇಲ್ಲಿಗೆ ನಿಂತು, ಸೆರಗಿನ ರೇಷ್ಮಿ ಇಲ್ಲಿಂದ ಶುರು. ಸೆರಗಿನಾಗ ಮೂರು ಕೆಂಪು ಪಟ್ಟಿ, ನಡುವ ಎರಡು ಬಿಳಿ ಪಟ್ಟಿ. ಇದು ತೋಪು ತೆನಿ, ಇದು ಹಣಿಗಿ." ಇಲ್ಲಿ ಹತ್ತು ಸೆಕೆಂಡ್ ಬಾಯಿ ಮುಚ್ಚಿಕೊಂಡು ಬಟ್ಟೆಯನ್ನು ಅಲುಗಿಸದೆ ಹಿಡಿಯಬೇಕು ಎಂದು ಸ್ಕ್ರಿಪ್ಟಿನಲ್ಲೇ ಬರೆದಿದ್ದೇವೆ. ಬಟ್ಟೆ ಹತ್ತಿರ ಬಂದ ಕೂಡಲೇ ಫೋನು ಫೋಕಸ್ ಹುಡುಕುತ್ತ ಕ್ಷಣಕಾಲ ಮಸುಕಾಗುತ್ತದೆ. ಅದು ಸರಿಹೋಗುವಷ್ಟರಲ್ಲಿ ಹೆಚ್ಚಿನವರು ಸೆರಗು ಮಡಿಚಿಟ್ಟಿರುತ್ತಾರೆ.

ಒಂದು ಎಚ್ಚರಿಕೆ ಬೇಕು. ಕೊಂಡಿ ಇದೆ ಎಂದ ಮಾತ್ರಕ್ಕೆ ಸೆರಗು ರೇಷ್ಮೆಯದೇ ಎಂದಾಗುವುದಿಲ್ಲ. ಆರ್ಟ್ ಸಿಲ್ಕ್, ಅಂದರೆ ರೇಯಾನ್ ಎಳೆಯಲ್ಲೂ ಸೆರಗು ನೇಯುತ್ತಾರೆ, ಬೆಲೆಯೂ ಕಡಿಮೆ. ಅಂಥ ಸೀರೆ ಮಾರುವುದರಲ್ಲಿ ತಪ್ಪೇನಿಲ್ಲ, ಅದನ್ನು ಬರೀ "ಸಿಲ್ಕ್" ಎಂದು ಹೇಳಿ ಮಾರುವುದು ತಪ್ಪು. ರೇಷ್ಮೆ ಎಂದು ಹೇಳುವುದಾದರೆ ಲೈವ್‌ನಲ್ಲೇ ತೋರಿಸಿಬಿಡಬಹುದು. ಸೆರಗಿನ ಕುಚ್ಚಿನಿಂದ ಒಂದು ಎಳೆ ಕಿತ್ತು, ಚಿಮಟದಲ್ಲಿ ಹಿಡಿದು, ಸೀರೆಯಿಂದ ದೂರ ತಟ್ಟೆಯ ಮೇಲೆ ಬೆಂಕಿಕಡ್ಡಿ ತಾಗಿಸಬೇಕು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಜ್ವಾಲೆ ತೆಗೆದರೆ ಉರಿ ನಿಲ್ಲುತ್ತದೆ, ಉಳಿದ ಕರಿಗಂಟನ್ನು ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ರೇಯಾನ್ ಕಾಗದದ ಹಾಗೆ ಭಗ್ಗನೆ ಉರಿದು ಕಾಗದದ್ದೇ ವಾಸನೆ ಬಿಡುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ವಾಸನೆ ಫೋನಿನಲ್ಲಿ ಹೋಗುವುದಿಲ್ಲ, ನಿಜ. ಪುಡಿಯಾಗುವುದು ಕಾಣುತ್ತದೆ, ಅಷ್ಟು ಸಾಕು. ಪ್ರತಿ ಸೀರೆಗೂ ಬೇಡ, ಗಂಟೆಗೆ ಒಂದು ಸಲ ಮಾಡಿದರೆ ಆಯಿತು.

ಬಣ್ಣದ್ದು ಬೇರೆಯೇ ತಕರಾರು. ವಾಪಸು ಬರುವ ಪಾರ್ಸೆಲ್‌ಗಳಲ್ಲಿ "ವಿಡಿಯೊದಾಗ ಬ್ಯಾರೆ ಬಣ್ಣ ಇತ್ತು" ಎನ್ನುವವೇ ಜಾಸ್ತಿ ಎಂದು ಅವಳು ಹೇಳುತ್ತಾಳೆ. ಅದಕ್ಕೆ ಕಾರಣ ಯಾರ ಮೋಸವೂ ಅಲ್ಲ. ಪರದೆ ತುಂಬ ಒಂದೇ ಬಣ್ಣದ ಬಟ್ಟೆ ಬಂದರೆ ಫೋನು ಅದನ್ನು ಸಮ ಮಾಡಲು ಹೋಗಿ ಬಣ್ಣವನ್ನೇ ಬದಲಿಸುತ್ತದೆ. ಗಾಢ ಕೆಂಪು ಇನ್ನೂ ಕಷ್ಟ. ಕ್ಯಾಮೆರಾದಲ್ಲಿ ಅದು ಹೊಳೆಯುವ ಕೆಂಪೋ ಕಿತ್ತಳೆಯೋ ಆಗಿ, ನೇಯ್ಗೆಯ ಎಳೆ ಕಾಣದೆ ಬರೀ ಬಣ್ಣದ ಹಾಳೆಯಾಗುತ್ತದೆ. ಪರದೆಯ ಮೇಲೆ ಬೆರಳು ಒತ್ತಿ ಹಿಡಿದು ಫೋಕಸನ್ನೂ ಬೆಳಕನ್ನೂ ಲಾಕ್ ಮಾಡಲು ಬರುವ ಆ್ಯಪ್ ಆದರೆ ಹಾಗೆ ಮಾಡಿ, ಬೆಳಕನ್ನು ಸ್ವಲ್ಪ ತಗ್ಗಿಸಬೇಕು. ಎಲ್ಲಕ್ಕಿಂತ ಸುಲಭದ್ದು, ಗಿರಾಕಿಯ ಮನೆಯಲ್ಲೂ ಇರುವ ಒಂದು ವಸ್ತುವನ್ನು ಸೀರೆಯ ಪಕ್ಕ ಇಟ್ಟು ತೋರಿಸುವುದು. ನಾವು ಬಿಳಿ ಹಾಳೆಯ ಮೇಲೆ ಕುಂಕುಮದ ಭರಣಿ ಇಟ್ಟೆವು. "ಈ ಕುಂಕುಮಕ್ಕಿಂತ ಸೀರಿ ಒಂಚೂರು ಕಪ್ಪಗ ಐತ್ರಿ, ಫೋನಿನಾಗ ಕಾಣೂವಷ್ಟು ಕೆಂಪಿಲ್ಲ" ಎಂಬ ಒಂದು ಮಾತು ಮೂರು ಫಿಲ್ಟರಿಗಿಂತ ಹೆಚ್ಚು ಕೆಲಸ ಮಾಡಿತು. ಸೀರೆ ತೋರಿಸುವಾಗ ಮುಖ ಚೆಂದ ಮಾಡುವ ಫಿಲ್ಟರ್ ಹಾಕಿಕೊಂಡರೆ ಬಟ್ಟೆಯ ಬಣ್ಣವೂ ಬದಲಾಗುತ್ತದೆ ಎಂಬುದು ಬಹಳ ಜನರ ಗಮನಕ್ಕೆ ಬಂದಿಲ್ಲ.

ಇನ್ನು ಬೆಲೆ. "ರೇಟಿಗೆ ಇನ್‌ಬಾಕ್ಸ್ ಮಾಡ್ರಿ" ಎನ್ನುವ ಪದ್ಧತಿ ನನಗೆ ಹಿಡಿಸುವುದಿಲ್ಲ. ಕೇಳಿದವರ ಊರು, ಮಾತು, ಫೋಟೊ ನೋಡಿ ರೇಟು ಹೇಳುತ್ತಾರೇನೋ ಎಂಬ ಅನುಮಾನ ಅಲ್ಲೇ ಹುಟ್ಟುತ್ತದೆ. ಬೆಲೆ ಎಲ್ಲರೆದುರು, ಎಲ್ಲರಿಗೂ ಒಂದೇ ಇರಬೇಕು. ನಮ್ಮ ಹದಿನಾಲ್ಕನೇ ಸೀರೆಯ ಲೆಕ್ಕ ಹೀಗಿತ್ತು. ನೇಕಾರರ ಮನೆಯಿಂದ ಅವಳ ಕೈಗೆ ಬಂದದ್ದು 1,900 ರೂಪಾಯಿಗೆ. ಕೊರಿಯರ್, ಪ್ಯಾಕಿಂಗ್ ಸೇರಿ 120. ಮನೆಗೆ ಮುಟ್ಟುವ ಬೆಲೆ 2,450 ಎಂದಿಟ್ಟರೆ ಅವಳಿಗೆ ಉಳಿಯುವುದು 430. ವಾಪಸು ಬರುವ ಸೀರೆ, ಮಾರಾಟವಾಗದೆ ಕೂತ ಸೀರೆ, ಫೋನಿನ ಖರ್ಚು ಎಲ್ಲ ಇದರೊಳಗೇ ಆಗಬೇಕು. ಅಕ್ಕಪಕ್ಕದ ಲೈವ್‌ಗಳಲ್ಲಿ "ಇವತ್ತು ಮಾತ್ರ ಇಪ್ಪತ್ತು ಪರ್ಸೆಂಟ್ ಆಫ್" ಎಂದು ಕೂಗುವುದನ್ನು ನೋಡಿ ಅವಳಿಗೂ ಹಾಗೇ ಮಾಡುವ ಆಸೆ. 2,450ಕ್ಕೆ ಇಪ್ಪತ್ತು ಪರ್ಸೆಂಟ್ ಅಂದರೆ 490. ಕಳೆದರೆ 1,960. ಅದರಲ್ಲಿ 1,900 ಮತ್ತು 120 ತೆಗೆದರೆ ಕೈಯಿಂದಲೇ 60 ರೂಪಾಯಿ ಹೋಗುತ್ತದೆ. ಹಾಗಾದರೆ ಆ ಲೈವ್‌ನವರು ಹೇಗೆ ಕೊಡುತ್ತಾರೆ? ಬೆಲೆಯನ್ನು ಮೊದಲೇ 3,060 ಎಂದು ಏರಿಸಿ, ಇಪ್ಪತ್ತು ಪರ್ಸೆಂಟ್ ಇಳಿಸಿ 2,448ಕ್ಕೆ ತರುತ್ತಾರೆ. ಇಳಕಲ್ ಸೀರೆ ಉಡುವ ಹೆಂಗಸರಿಗೆ ಪೇಟೆಯ ಬೆಲೆ ಗೊತ್ತಿರುತ್ತದೆ. 3,060 ಎಂದು ಕೇಳಿದ ತಕ್ಷಣ ಅವರು ಹೊರಟುಹೋಗಿರುತ್ತಾರೆ, ಆಮೇಲಿನ ರಿಯಾಯಿತಿ ಕೇಳಲು ಅವರಿರುವುದಿಲ್ಲ.

ಕೊಡಲೇಬೇಕೆಂದರೆ ಎಲ್ಲಿ ಉಳಿತಾಯವಾಗುತ್ತದೋ ಅಲ್ಲಿ ಕೊಡಬಹುದು. ಎರಡು ಸೀರೆ ಒಂದೇ ಡಬ್ಬಿಯಲ್ಲಿ ಹೋದರೆ ಎರಡನೆಯದರ ಕೊರಿಯರ್ ಖರ್ಚು ಬಹಳಷ್ಟು ಉಳಿಯುತ್ತದೆ. ಆ ಉಳಿತಾಯಕ್ಕೆ ತನ್ನ ಕಡೆಯಿಂದ ಸ್ವಲ್ಪ ಸೇರಿಸಿ "ಎರಡು ತಗೊಂಡ್ರ ಒಟ್ಟಿಗೆ ನೂರಾ ಐವತ್ತು ಕಡಿಮಿ" ಎಂದು ಅವಳು ಹೇಳುತ್ತಾಳೆ. ಕಾರಣವನ್ನೂ ಹೇಳುತ್ತಾಳೆ: "ಒಂದ ಡಬ್ಬಿ, ಒಂದ ಕೊರಿಯರ್, ಅದಕ್ಕ." ಕಾರಣ ಹೇಳಿ ಇಳಿಸಿದ ಬೆಲೆಗೆ ಚೌಕಾಸಿ ಕಡಿಮೆ. "ಕಡಿಮೆ ಮಾಡಿ ಅಕ್ಕಾ" ಎಂಬ ಕಾಮೆಂಟಿಗೆ ಒಂದು ಸಲ ಇಳಿದರೆ ಆಗಲೇ ಪೂರ್ತಿ ಕೊಟ್ಟವರು ಅದನ್ನು ನೋಡುತ್ತಿರುತ್ತಾರೆ ಎಂಬುದನ್ನು ಮರೆಯಬಾರದು. ಅದಕ್ಕೆ ಬರೆದಿಟ್ಟ ಉತ್ತರ: "ರೇಟ್ ಎಲ್ಲಾರಿಗೂ ಒಂದ ಐತ್ರಿ ಅಕ್ಕಾರ. ಎರಡು ತಗೊಂಡ್ರ ನೂರಾ ಐವತ್ತು ಕಡಿಮಿ ಐತಿ." ಅಷ್ಟು ಹೇಳಿ ಮುಂದೆ ಹೋಗಬೇಕು. ವಾದಕ್ಕೆ ನಿಲ್ಲಬಾರದು.

ಸುತ್ತಿನ ಕೊನೆಗೆ ಬೆಲೆಯನ್ನು ಮತ್ತೊಮ್ಮೆ ಹೇಳಿದ ಮೇಲೆ ಬರುವ ಮೌನಕ್ಕೆ ಹೆದರುವವರಿದ್ದಾರೆ. ಯಾರೂ ಕಾಮೆಂಟ್ ಮಾಡಲಿಲ್ಲ, ಬೆಲೆ ಹೆಚ್ಚಾಯಿತೇನೋ ಎಂದು ಗಾಬರಿಯಾಗಿ ಅಲ್ಲೇ ನೂರಿನ್ನೂರು ಇಳಿಸಿಬಿಡುತ್ತಾರೆ. ವಿಷಯ ಅದಲ್ಲ. ನಾವು ಆಡಿದ ಮಾತು ನೋಡುವವರ ಫೋನಿಗೆ ತಲುಪಲು ಕೆಲವು ಸೆಕೆಂಡ್ ಬೇಕು, ನೆಟ್‌ವರ್ಕ್ ನಿಧಾನವಾದರೆ ಇನ್ನೂ ಹೆಚ್ಚು. ಅವರು ಯೋಚಿಸಿ, ಕನ್ನಡ ಕೀಲಿಮಣೆ ಹುಡುಕಿ, ಟೈಪ್ ಮಾಡಿ ಕಳಿಸುವುದಕ್ಕೆ ಮತ್ತಷ್ಟು ಹೊತ್ತು. ಒಟ್ಟು ಅರ್ಧ ನಿಮಿಷ ಎಂದಿಟ್ಟುಕೊಳ್ಳಿ. ಆ ಅರ್ಧ ನಿಮಿಷಕ್ಕೆ ಸ್ಕ್ರಿಪ್ಟಿನಲ್ಲಿ ಕೆಲಸ ಕೊಡಬೇಕು. ಅವಳು ಆಗ ಸೆರಗನ್ನು ಹೆಗಲ ಮೇಲೆ ಹಾಕಿಕೊಂಡು ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಾಳೆ, ದಡಿ ಎಷ್ಟು ಅಗಲ ಎಂದು ಬೆರಳಿಟ್ಟು ತೋರಿಸುತ್ತಾಳೆ, ಬುಕ್ ಮಾಡುವ ರೀತಿಯನ್ನು ಮತ್ತೊಮ್ಮೆ ಹೇಳುತ್ತಾಳೆ. ಕಾಮೆಂಟು ಬರುವ ಹೊತ್ತಿಗೆ ಸೀರೆ ಇನ್ನೂ ಕ್ಯಾಮೆರಾ ಮುಂದೆಯೇ ಇರುತ್ತದೆ.

ಪ್ರಶ್ನೆಗಳನ್ನು ಓದುವುದಕ್ಕೂ ಒಂದು ಕ್ರಮವಿದೆ. ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಓದಿ, ಆಮೇಲೆ ಉತ್ತರಿಸಬೇಕು. "ಹಾಂ, ಐತ್ರಿ" ಎಂದಷ್ಟೇ ಹೇಳಿದರೆ ಏನು ಇದೆ ಎಂಬುದು ಮರುದಿನ ರೆಕಾರ್ಡಿಂಗ್ ನೋಡುವವರಿಗೆ ತಿಳಿಯುವುದಿಲ್ಲ. ಉತ್ತರ ಮುಗಿದ ಕೂಡಲೇ ಕೋಡ್ ನಂಬರಿಗೆ ವಾಪಸು ಬರಬೇಕು. ಕೇಳುವ ಪ್ರಶ್ನೆಗಳು ಹೆಚ್ಚೆಂದರೆ ಏಳೆಂಟು, ತಿರುಗಿ ತಿರುಗಿ ಅವೇ. ಅವುಗಳಲ್ಲಿ ಮಾರುವವರು ಹೆಚ್ಚು ಸುಳ್ಳು ಹೇಳುವುದು "ಬಣ್ಣ ಬಿಡತೈತೇನ್ರಿ?" ಎಂಬುದಕ್ಕೆ. "ಗ್ಯಾರಂಟಿ ಬಿಡಂಗಿಲ್ರಿ" ಎಂದುಬಿಡುತ್ತಾರೆ. ಗಾಢ ಬಣ್ಣದ ಹತ್ತಿ ಮೊದಲ ತೊಳೆತಕ್ಕೆ ಸ್ವಲ್ಪ ಬಣ್ಣ ಬಿಡಬಹುದು, ಸೆರಗಿನ ಕೆಂಪು ಪಕ್ಕದ ಬಿಳಿ ಪಟ್ಟಿಗೆ ಹತ್ತಬಹುದು. ನಾವು ಬರೆದ ಉತ್ತರ ಹೀಗಿದೆ: "ಮೊದಲನೇ ಸಲ ಒಂಚೂರು ಬಿಡಬಹುದ್ರಿ. ಸೆರಗಿನಾಗ ಕೆಂಪು ಬಿಳಿ ಕೂಡಿ ಅದಾವಲ್ಲ, ಅದಕ್ಕ ಮೊದಲ ಡ್ರೈ ಕ್ಲೀನ್‌ಗೆ ಕೊಡ್ರಿ. ನೆನಿ ಹಾಕಬ್ಯಾಡ್ರಿ." ಇದನ್ನು ಕೇಳಿ ಒಬ್ಬರು ಹಿಂಜರಿಯಬಹುದು. ಆದರೆ ತೊಳೆದು ಹಾಳಾದ ಸೀರೆಯ ಫೋಟೊ ಮುಂದಿನ ಲೈವ್‌ನಲ್ಲಿ ಕಾಮೆಂಟಾಗಿ ಬಂದರೆ ಹತ್ತು ಜನ ಹಿಂಜರಿಯುತ್ತಾರೆ.

"ಪ್ಯೂರ್ ಐತೇನ್ರಿ?" ಎಂಬುದಕ್ಕೆ ಹೌದು, ಇಲ್ಲ ಎಂಬ ಉತ್ತರ ಸಾಲದು. ಒಡಲು ಯಾವುದು, ಸೆರಗು ಯಾವುದು ಎಂದು ಬಿಡಿಸಿ ಹೇಳಬೇಕು. ಹತ್ತಿ ಒಡಲಿನ ಸೀರೆಗೆ "ಪ್ಯೂರ್ ಸಿಲ್ಕ್ ಇಳಕಲ್" ಎಂದರೆ ಅದು ಸುಳ್ಳೇ, ಸೆರಗು ರೇಷ್ಮೆಯದಾಗಿದ್ದರೂ. ಕ್ಯಾಶ್ ಆನ್ ಡೆಲಿವರಿ ಉಂಟೇ ಎಂಬ ಪ್ರಶ್ನೆಗೆ ಅವಳು ಇನ್ನೂರು ರೂಪಾಯಿ ಮುಂಗಡ ಕೇಳುತ್ತಾಳೆ. ಬಾಗಿಲಿಗೆ ಬಂದ ಪಾರ್ಸೆಲ್ ಬೇಡವೆಂದು ತಿರುಗಿಸಿದರೆ ಹೋಗುವ ಬರುವ ಎರಡೂ ಖರ್ಚು ಮಾರುವವರ ಮೇಲೆ ಬೀಳುತ್ತದೆ ಎಂದು ಬಿಡಿಸಿ ಹೇಳಿದರೆ ಬಹಳ ಜನ ಒಪ್ಪುತ್ತಾರೆ. ವಾಪಸು ತಗೊಳ್ಳುವ ನಿಯಮವನ್ನು ಸಣ್ಣ ಧ್ವನಿಯಲ್ಲಿ ಹೇಳಿ ಜಾರಿಕೊಳ್ಳುವವರೂ ಇದ್ದಾರೆ. ಎಷ್ಟು ದಿನದೊಳಗೆ, ಯಾವ ಕಾರಣಕ್ಕೆ, ಕೊರಿಯರ್ ಖರ್ಚು ಯಾರದು ಎಂಬ ಮೂರನ್ನು ಬೆಲೆ ಹೇಳಿದಷ್ಟೇ ಗಟ್ಟಿಯಾಗಿ ಹೇಳಬೇಕು.

ಇನ್ನು "ಬೇಗ ಬೇಗ, ಎರಡೇ ಪೀಸ್ ಉಳಿದಾವು" ಎಂಬ ಕೂಗು. ಇದು ಮಾತಿನ ಚಾಲಾಕಿ ಎಂದಷ್ಟೇ ತಿಳಿದವರು ಒಂದನ್ನು ಗಮನಿಸಬೇಕು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಡಾರ್ಕ್ ಪ್ಯಾಟರ್ನ್‌ಗಳ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಹೆಸರಿಸಿದ ತಪ್ಪುಗಳಲ್ಲಿ ಒಂದು ಸುಳ್ಳು ತುರ್ತು, ಅಂದರೆ ಸರಕು ಮುಗಿಯುತ್ತಿದೆ, ಸಮಯ ಮುಗಿಯುತ್ತಿದೆ ಎಂದು ಇಲ್ಲದ್ದನ್ನು ಹೇಳಿ ಕೊಳ್ಳಲು ಅವಸರಪಡಿಸುವುದು. ಅದು ದೊಡ್ಡ ಕಂಪನಿಗಳ ಜಾಲತಾಣಕ್ಕೆ ಮಾತ್ರವಲ್ಲ, ಮಾರುವವರಿಗೂ ಜಾಹೀರಾತು ಕೊಡುವವರಿಗೂ ಅನ್ವಯಿಸುತ್ತದೆ. ನಿಜವಾಗಿ ಒಂದೇ ಇದ್ದರೆ ಒಂದೇ ಇದೆ ಎನ್ನಿ. ಕೈಮಗ್ಗದ ಸೀರೆಗೆ ಅದು ಸಹಜವೂ ಹೌದು. ಮೂಲೆಯಲ್ಲಿ ಅದೇ ಬಣ್ಣದ ಆರು ಸೀರೆ ಇಟ್ಟುಕೊಂಡು ಎರಡೇ ಎಂದರೆ ಮುಂದಿನ ವಾರ ಅದೇ ಸೀರೆಯನ್ನು ತೋರಿಸುವುದಾದರೂ ಹೇಗೆ?

ಒಂದೇ ಪೀಸಿಗೆ ಇಬ್ಬರು ಕೋಡ್ ಹಾಕಿದಾಗ ಜಗಳ ಖಚಿತ. ಇಬ್ಬರ ಫೋನಿನಲ್ಲೂ ತಮ್ಮ ಕಾಮೆಂಟೇ ಮೊದಲು ಬಂದಂತೆ ಕಾಣುತ್ತಿರುತ್ತದೆ. ಇದನ್ನು ಒಬ್ಬರೇ ಕೂತು ಸಂಭಾಳಿಸಲು ಆಗದು. ಇನ್ನೊಂದು ಫೋನು ಹಿಡಿದು ಪಕ್ಕದಲ್ಲಿ ಕೂತು, ಕೋಡ್, ಹೆಸರು, ಹೊತ್ತು ಮೂರನ್ನು ನೋಟ್‌ಬುಕ್ಕಿನಲ್ಲಿ ಬರೆಯುವವರು ಬೇಕೇ ಬೇಕು. ಅವಳಿಗೆ ಆ ಕೆಲಸ ಮಾಡುವುದು ಅವಳ ಅತ್ತೆ, ಅವರ ಅಕ್ಷರವೂ ದುಂಡಗಿದೆ. ನಿಯಮವನ್ನು ಪ್ರತಿ ನಾಲ್ಕೈದು ಸೀರೆಗೆ ಒಮ್ಮೆ ಹೇಳುತ್ತಾಳೆ: "ನಮ್ಮ ಫೋನಿನಾಗ ಯಾರ ಕೋಡ್ ಮೊದಲ ಬರತೈತಿ ಅವರಿಗೆ ಸೀರಿ. ಅರ್ಧ ತಾಸಿನಾಗ ದುಡ್ಡು ಬರಲಿಲ್ಲ ಅಂದ್ರ ಎರಡನೇದವರಿಗೆ." ಎರಡನೆಯವರ ಹೆಸರನ್ನೂ ಬರೆದುಕೊಂಡಿದ್ದೇವೆ ಎಂದು ಅವರಿಗೆ ಕೇಳುವಂತೆ ಹೇಳಿದರೆ ಕೋಪ ಅರ್ಧ ಇಳಿಯುತ್ತದೆ.

ದುಡ್ಡಿನ ವಿಷಯಕ್ಕೆ ಎರಡು ವಾಕ್ಯಗಳನ್ನು ಬಾಯಿಪಾಠ ಮಾಡಿಕೊಳ್ಳಲು ಹೇಳಿದ್ದೇನೆ. "ಫೋನ್ ನಂಬರು, ಮನಿ ಅಡ್ರೆಸ್ ಕಾಮೆಂಟಿನಾಗ ಹಾಕಬ್ಯಾಡ್ರಿ ಅಕ್ಕಾರ, ವಾಟ್ಸ್ಆ್ಯಪ್‌ಗ ಕಳಸ್ರಿ. ದುಡ್ಡು ಹಾಕೂ ನಂಬರ್ ಇಲ್ಲಿ ಹಲಗಿ ಮ್ಯಾಲೆ ಬರದದ್ದು ಇದೊಂದ, ಬ್ಯಾರೆ ಯಾರರ ಕ್ಯೂಆರ್ ಕಳಿಸಿದ್ರ ಹಾಕಬ್ಯಾಡ್ರಿ." ಲೈವ್‌ನ ಕಾಮೆಂಟಿನಲ್ಲಿ ನಂಬರ್ ಕಂಡ ಕೂಡಲೇ ಅಂಗಡಿಯದೇ ಹೆಸರು, ಫೋಟೊ ಹಾಕಿಕೊಂಡ ನಕಲಿ ಖಾತೆಯಿಂದ ಅವರಿಗೆ ಮೆಸೇಜ್ ಹೋಗುತ್ತದೆ, ನಿಮ್ಮ ಸೀರೆ ಬುಕ್ ಆಗಿದೆ, ಇಲ್ಲಿ ಹಣ ಹಾಕಿ ಎಂದು. ಹಣ ವಾಪಸು ಕೊಡುತ್ತೇವೆ, ಪಿನ್ ಒತ್ತಿ ಎನ್ನುವವರೂ ಇದ್ದಾರೆ. ಯುಪಿಐ ಪಿನ್ ಒತ್ತುವುದು ಹಣ ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಮಾರುವವರಿಗೂ ಒಂದು ಮಾತು ಇದೆ. ಹಣ ಹಾಕಿದ ಸ್ಕ್ರೀನ್‌ಶಾಟ್ ಬಂದರೆ ಹಣ ಬಂತು ಎಂದಲ್ಲ. ಅಂಥ ಚಿತ್ರ ತಯಾರಿಸುವ ಆ್ಯಪ್‌ಗಳೇ ಇವೆ. ಬ್ಯಾಂಕ್ ಖಾತೆಯಲ್ಲಿ ಜಮೆ ಆದದ್ದನ್ನು ನೋಡಿಯೇ ಅತ್ತೆಯವರು ನೋಟ್‌ಬುಕ್ಕಿನಲ್ಲಿ ಗೆರೆ ಎಳೆಯಬೇಕು.

ಒಂದು ಗಂಟೆಗೆ ಎಷ್ಟು ಸೀರೆ ಎಂದು ಕೇಳುತ್ತಾರೆ. ಮೂರು ನಿಮಿಷದ ಸುತ್ತು, ನಡುವೆ ಒಂದೊಂದು ನಿಮಿಷ ಪ್ರಶ್ನೆಗೆ ಎಂದರೆ ಹದಿನೈದು. ನಲವತ್ತು ಸೀರೆ ರಾಶಿ ಹಾಕಿಕೊಂಡು ಎತ್ತಿ ಎತ್ತಿ ಒಗೆಯುವ ಲೈವ್‌ಗಳೂ ನಡೆಯುತ್ತವೆ, ನಾನೂರು ರೂಪಾಯಿಯ ಸಿಂಥೆಟಿಕ್ ಸೀರೆಗೆ ಅದು ಸರಿಹೋಗುತ್ತದೆ. ಕೊಂಡಿ ಹಾಕಿ ನೇಯ್ದ ಸೀರೆಗೆ ಸರಿಹೋಗದು. ಶುರುವಿನಲ್ಲಿ "ಎಲ್ಲಾರೂ ಬರಲಿ, ಹಾಯ್ ಹಾಯ್" ಎಂದು ಹತ್ತು ನಿಮಿಷ ಕಾಯುವುದನ್ನೂ ಬಿಡಬೇಕು. ಮರುದಿನ ನೋಡುವವರಿಗೆ ಮೊದಲು ಕಾಣುವುದು ಆ ಹತ್ತು ನಿಮಿಷವೇ. ಸಾಧಾರಣ ಬೆಲೆಯ, ಕಣ್ಣಿಗೆ ಒಪ್ಪುವ ಒಂದು ಸೀರೆಯಿಂದ ನೇರ ಶುರು ಮಾಡಿ, ಜನ ಸೇರಿದ ನಡುಭಾಗದಲ್ಲಿ ಮದುವೆ ಸೀರೆ ಬಿಚ್ಚುವುದು ಒಳ್ಳೆಯದು.

ಲೈವ್ ಮುಗಿದ ಮೇಲೆ ಆ ನೋಟ್‌ಬುಕ್ ಇನ್ನೊಂದು ಕೆಲಸಕ್ಕೆ ಬರುತ್ತದೆ. ಮಾರಾಟವಾದದ್ದನ್ನು ಬಿಟ್ಟು, ಬಹಳ ಜನ ಪ್ರಶ್ನೆ ಕೇಳಿ ಯಾರೂ ತಗೊಳ್ಳದ ಸೀರೆ ಯಾವುದು ಎಂದು ನೋಡಬೇಕು. ಅಂಥ ಸೀರೆಯ ಸುತ್ತನ್ನು ರೆಕಾರ್ಡಿಂಗಿನಲ್ಲಿ ಮತ್ತೆ ನೋಡಿದರೆ ಸಾಮಾನ್ಯವಾಗಿ ಒಂದು ಉತ್ತರ ಬಿಟ್ಟುಹೋಗಿರುತ್ತದೆ. ನಮ್ಮ ಹುಡುಗಿಯ ಗಿಳಿ ಹಸಿರು ಸೀರೆಗೆ ಹಾಗಾಗಿತ್ತು. ಒಂಬತ್ತು ಗಜದ್ದು ಸಿಗುತ್ತದೆಯೇ ಎಂದು ಹಲವರು ಕೇಳಿದ್ದರು, ಅವಳು ಬೆಲೆ ಹೇಳುವ ಭರದಲ್ಲಿ ಅದನ್ನು ಓದಿಯೇ ಇರಲಿಲ್ಲ. ಈಗ ಆ ಬಣ್ಣದಲ್ಲಿ ಎರಡು ಒಂಬತ್ತು ಗಜದ ಸೀರೆಗಳಿಗೆ ನೇಕಾರರಿಗೆ ಹೇಳಿಟ್ಟಿದ್ದಾಳೆ. ಗಜ ಬೇರೆಯಾದರೆ ಹಾಸನ್ನೂ ಬೇರೆ ಉದ್ದಕ್ಕೆ ಹೂಡಬೇಕು, ಆದ್ದರಿಂದ ಮುಂದಿನ ವಾರಕ್ಕೆ ಬರುವುದಿಲ್ಲ ಎಂಬುದನ್ನು ಕೇಳಿದವರೆಲ್ಲರಿಗೂ ವಾಟ್ಸ್ಆ್ಯಪ್‌ನಲ್ಲಿ ತಿಳಿಸಿದ್ದಾಳೆ.